ಮಂಡ್ಯದ ಜವಳಿ ಅಂಗಡಿಗೆ ವಿಮೆ: ಬೆಂಕಿ, ಕಳವು, ದಾರಿಯಲ್ಲಿರುವ ಸರಕು ಮತ್ತು ಬಿಡಬಹುದಾದದ್ದು

ಪೇಟೆಬೀದಿ ಜವಳಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಪೇಟೆಬೀದಿಯಲ್ಲಿ ನಾನು ಮತ್ತು ನಮ್ಮ ಯಜಮಾನರು ಸೀರೆ, ಪಂಚೆ ಮತ್ತು ಶಾಲಾ ಸಮವಸ್ತ್ರದ ಬಟ್ಟೆ ಮಾರುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದೇವೆ. ಸಾಧಾರಣ ದಿನಗಳಲ್ಲಿ ಸುಮಾರು 12 ಲಕ್ಷ ರೂಪಾಯಿಯ ಸರಕು ಇರುತ್ತದೆ. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಅದು 18 ಲಕ್ಷದವರೆಗೂ ಏರುತ್ತದೆ, ಆಗ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಹಿಡಿದಿರುವ ಕೊಠಡಿಯಲ್ಲಿಯೂ ಮೂಟೆಗಳನ್ನು ಇಡುತ್ತೇವೆ. ಬ್ಯಾಂಕಿನಲ್ಲಿ 10 ಲಕ್ಷದ ಓಡಿ ಸಾಲ ಇದೆ. ಅದಕ್ಕಾಗಿ ಬ್ಯಾಂಕಿನವರೇ ಪ್ರತಿ ವರ್ಷ ಅಂಗಡಿಗೆ ವಿಮೆ ಮಾಡಿಸಿ ಪ್ರೀಮಿಯಂ ಅನ್ನು ನಮ್ಮ ಖಾತೆಯಿಂದ ಕಳೆಯುತ್ತಾರೆ. ಪಾಲಿಸಿಯ ಪ್ರತಿ ನಮ್ಮ ಕೈಯಲ್ಲಿಲ್ಲ.

ಈಗ ಏಜೆಂಟರೊಬ್ಬರು ಬೆಂಕಿ, ಕಳವು, ನಗದು, ಗಾಜು, ನಿಯಾನ್ ಬೋರ್ಡ್, ಕಂಪ್ಯೂಟರ್, ಪ್ರಯಾಣದ ಲಗೇಜು, ನೌಕರರ ವಂಚನೆ, ಅಪಘಾತ ಎಲ್ಲವೂ ಸೇರಿರುವ ಅಂಗಡಿದಾರರ ಪ್ಯಾಕೇಜ್ ಪಾಲಿಸಿ ತಂದಿದ್ದಾರೆ. ಇವುಗಳಲ್ಲಿ ನಮ್ಮಂಥವರಿಗೆ ನಿಜವಾಗಿ ಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು? ಚಿಕ್ಕಪೇಟೆಯಿಂದ ಲಾರಿಯಲ್ಲಿ ಬರುವ ಮೂಟೆಗಳಿಗೂ ವಿಮೆ ಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮದ್ದೂರು ಪಾತ್ರೆ ಅಂಗಡಿ

ಬ್ಯಾಂಕಿನ ಪಾಲಿಸಿ ಇರುವಾಗ ಇನ್ನೊಂದು ಏಕೆ ಎಂಬುದು ನನ್ನ ಅಭಿಪ್ರಾಯ. 10 ಲಕ್ಷದ ಪಾಲಿಸಿ ಎಂದರೆ 10 ಲಕ್ಷದವರೆಗಿನ ನಷ್ಟಕ್ಕೆ ಪೂರ್ತಿ ಹಣ ಬರುತ್ತದೆ. ಇಡೀ ಅಂಗಡಿ ಒಂದೇ ಸಲಕ್ಕೆ ಸುಟ್ಟುಹೋಗುವುದು ಅಪರೂಪ, ಆದ್ದರಿಂದ ಅಷ್ಟು ಮೊತ್ತ ಸಾಕು. ಬೆಂಕಿ ಪಾಲಿಸಿಯಲ್ಲಿ ಕಳವೂ ಸೇರಿರುತ್ತದೆ ಎಂದು ನಮ್ಮ ಬ್ಯಾಂಕಿನಲ್ಲಿ ಹೇಳಿದ್ದಾರೆ.

ನಿವೃತ್ತ ಸರ್ವೇಯರ್, ಕುವೆಂಪುನಗರ

ಮದ್ದೂರಿನವರು ಹೇಳಿದ ಎರಡು ಮಾತುಗಳೂ ಅರ್ಧ ಸರಿ. ಉಳಿದ ಅರ್ಧದಲ್ಲಿಯೇ ಅಂಗಡಿಗಳು ಹಣ ಕಳೆದುಕೊಳ್ಳುವುದನ್ನು ನಾನು ವೃತ್ತಿಯಲ್ಲಿದ್ದಷ್ಟು ಕಾಲವೂ ನೋಡಿದ್ದೇನೆ. ಕಳವಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

2021ರ ಏಪ್ರಿಲ್ 1ರಿಂದ, ಒಂದು ಜಾಗದಲ್ಲಿರುವ ಒಟ್ಟು ಆಸ್ತಿಯ ಬೆಲೆ 5 ಕೋಟಿ ಮೀರದ ಅಂಗಡಿಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆ ಇವೆಲ್ಲವೂ ಅದರೊಳಗೆ ಬರುತ್ತವೆ. ಬ್ಯಾಂಕಿನವರು ನಿಮಗೆ ಮಾಡಿಸಿರುವುದೂ ಬಹುಶಃ ಇದನ್ನೇ. ತೊಂದರೆ ಇರುವುದು ಪಾಲಿಸಿಯಲ್ಲಲ್ಲ, ಅದರಲ್ಲಿ ಬರೆದಿರುವ ಮೊತ್ತದಲ್ಲಿ. ಬ್ಯಾಂಕು ತನ್ನ ಸಾಲದಷ್ಟಕ್ಕೆ ವಿಮೆ ಮಾಡಿಸುತ್ತದೆಯೇ ಹೊರತು ನಿಮ್ಮ ಸರಕಿನಷ್ಟಕ್ಕಲ್ಲ.

ನಿಮ್ಮ ಅಂಗಡಿಯದೇ ಲೆಕ್ಕ ಹಾಕೋಣ. ಅಕ್ಟೋಬರ್ ನಡುವೆ ಬೆಂಕಿ ಬಿತ್ತು ಎಂದುಕೊಳ್ಳಿ, ಸದ್ಯಕ್ಕೆ ಸರಕೆಲ್ಲವೂ ಅಂಗಡಿಯಲ್ಲೇ ಇತ್ತು ಎಂದುಕೊಳ್ಳಿ. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಂದು ಬೂದಿಯನ್ನು ಎಣಿಸುವುದಿಲ್ಲ, ಪುಸ್ತಕಗಳನ್ನು ಕೇಳುತ್ತಾನೆ. ಏಪ್ರಿಲ್ 1ರ ಆರಂಭದ ದಾಸ್ತಾನು 11 ಲಕ್ಷ, ಅಲ್ಲಿಂದ ಬೆಂಕಿಯ ದಿನದವರೆಗೆ ಖರೀದಿ 22 ಲಕ್ಷ, ಮಾರಾಟ 20 ಲಕ್ಷ. ಹಿಂದಿನ ವರ್ಷಗಳ ಲೆಕ್ಕದಂತೆ ಮಾರಾಟದಲ್ಲಿ ನಿಮ್ಮ ಲಾಭಾಂಶ ನೂರಕ್ಕೆ 25 ಎಂದಾದರೆ, ಮಾರಿಹೋದ ಸರಕಿನ ಅಸಲು 15 ಲಕ್ಷ. 11ಕ್ಕೆ 22 ಕೂಡಿಸಿ 15 ಕಳೆದರೆ ಬೆಂಕಿಯ ದಿನ ಅಂಗಡಿಯಲ್ಲಿ ಇರಬೇಕಾಗಿದ್ದ ಸರಕು 18 ಲಕ್ಷ. ಇದು ಕೊಂಡ ಬೆಲೆಯ ಲೆಕ್ಕ, ಮಾರುವ ಬೆಲೆಯದಲ್ಲ. 12 ಲಕ್ಷದ ಬಟ್ಟೆ ಉಳಿದುಕೊಂಡಿದ್ದರೆ ನಷ್ಟ 6 ಲಕ್ಷ.

ಈ 6 ಲಕ್ಷವು ನಿಮ್ಮ 10 ಲಕ್ಷದ ಪಾಲಿಸಿಗಿಂತ ಕಡಿಮೆಯೇ ಇದೆ, ಆದರೂ ಪೂರ್ತಿ ಹಣ ಬರುವುದಿಲ್ಲ. 18 ಲಕ್ಷದ ಸರಕಿಗೆ 10 ಲಕ್ಷದ ವಿಮೆ ಮಾಡಿಸಿದ್ದೀರಿ ಎಂದರೆ, ಉಳಿದ 8 ಲಕ್ಷದ ಪಾಲಿಗೆ ನೀವೇ ಹೊಣೆ ಹೊತ್ತಿದ್ದೀರಿ ಎಂದು ಕಂಪನಿ ಪರಿಗಣಿಸುತ್ತದೆ. ಎಷ್ಟೇ ಚಿಕ್ಕ ನಷ್ಟವಾದರೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. 6 ಲಕ್ಷವನ್ನು 10ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸುಮಾರು 3 ಲಕ್ಷ 33 ಸಾವಿರ. ಇದರಲ್ಲಿ ನೀವು ಭರಿಸಬೇಕಾದ ಕಡ್ಡಾಯ ಪಾಲು ಕಳೆದು ಉಳಿದದ್ದು ಮೊದಲು ಬ್ಯಾಂಕಿಗೆ ಹೋಗುತ್ತದೆ, ಏಕೆಂದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ.

ಈ ಹೊಸ ಪಾಲಿಸಿಯಲ್ಲಿ ಒಂದು ಉಪಕಾರವಿದೆ. ವಿಮಾ ಮೊತ್ತದ ಕೊರತೆ ನೂರಕ್ಕೆ 15ರೊಳಗೆ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 18 ಲಕ್ಷಕ್ಕೆ 85 ಶೇಕಡಾ ಎಂದರೆ 15 ಲಕ್ಷ 30 ಸಾವಿರ. ನೀವು 16 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ 6 ಲಕ್ಷದ ಪೂರ್ಣ ನಷ್ಟವೂ ಲೆಕ್ಕಕ್ಕೆ ಬರುತ್ತಿತ್ತು. 15 ಲಕ್ಷಕ್ಕೆ ಮಾಡಿಸಿದ್ದರೆ ಗೆರೆಯ ಕೆಳಗೆ ಬಿದ್ದು 5 ಲಕ್ಷಕ್ಕೆ ಇಳಿಯುತ್ತಿತ್ತು. ಆದ್ದರಿಂದ ವರ್ಷದ ಸರಾಸರಿ ದಾಸ್ತಾನನ್ನಲ್ಲ, ಹಬ್ಬದ ಕಾಲದ ಗರಿಷ್ಠ ದಾಸ್ತಾನನ್ನು ನೋಡಿ ಮೊತ್ತ ನಿಗದಿ ಮಾಡಿ. ಪ್ಯಾಕೇಜಿನ ಗಾಜು, ಬೋರ್ಡುಗಳಿಗೆ ಕೊಡುವ ಹಣವನ್ನು ಮೊದಲು ಇಲ್ಲಿಗೆ ಹಾಕಬೇಕು.

ಲೆಕ್ಕಪತ್ರ, ಸರಸ್ವತಿಪುರಂ

ಸರ್ವೇಯರ್ ಅವರ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು. ಸುಟ್ಟುಹೋದ ಅಥವಾ ಕಳವಾದ ಸರಕಿನ ಮೇಲೆ ನೀವು ಈಗಾಗಲೇ ಪಡೆದಿರುವ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಅನ್ನು ಹಿಂದಿರುಗಿಸಬೇಕೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಹೇಳುತ್ತದೆ. 6 ಲಕ್ಷದ ಬಟ್ಟೆಗೆ 5 ಶೇಕಡಾ ಎಂದರೆ 30,000 ರೂಪಾಯಿ. ವಿಮಾ ಮೊತ್ತವನ್ನು ತೆರಿಗೆ ಬಿಟ್ಟ ಬೆಲೆಯ ಮೇಲೆ ನಿಗದಿ ಮಾಡಿದ್ದರೆ ಈ ಹಣ ನಿಮ್ಮ ಕೈಯಿಂದ ಹೋಗುತ್ತದೆ. ದಾಸ್ತಾನಿನ ಬೆಲೆಗೆ ತೆರಿಗೆಯನ್ನೂ ಸೇರಿಸಿ ವಿಮೆ ಮಾಡಿಸಿ, ಹಾಗೆ ಸೇರಿಸಿರುವುದನ್ನು ಪ್ರಸ್ತಾವನೆಯಲ್ಲಿಯೇ ಬರೆದುಕೊಡಿ. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಕ್ರೆಡಿಟ್ ಸಿಗುವುದೇ ಇಲ್ಲವಾದ್ದರಿಂದ ಅವರ ಕೊಂಡ ಬೆಲೆಯಲ್ಲಿ ತೆರಿಗೆ ಹೇಗೂ ಸೇರಿರುತ್ತದೆ.

ಸಂತೇಪೇಟೆ ದಿನಸಿ, ಮೈಸೂರು

ಕಳವಿನ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ನಮ್ಮ ಅಂಗಡಿಯಿಂದ ಗೋಡಂಬಿ, ಏಲಕ್ಕಿ ಸೇರಿ ಒಂದೂವರೆ ಲಕ್ಷದ ಸರಕು ಒಂದು ರಾತ್ರಿ ಮಾಯವಾಯಿತು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಷಟರ್ ಮೇಲೆ ಒಂದು ಗೀರೂ ಇರಲಿಲ್ಲ. ಪೊಲೀಸರು ಎಫ್‌ಐಆರ್ ದಾಖಲಿಸಿದರು, ನಕಲಿ ಕೀಲಿ ಇರಬಹುದು ಎಂದರು. ಕಳವಿನ ಪಾಲಿಸಿ ಇದ್ದರೂ ಕಂಪನಿ ಕ್ಲೇಮ್ ತಿರಸ್ಕರಿಸಿತು. ಎಫ್‌ಐಆರ್ ಇದ್ದ ಮೇಲೂ ಕೊಡುವುದಿಲ್ಲ ಎಂದರೆ ಆ ಪಾಲಿಸಿ ಯಾತಕ್ಕೆ? ಬೇಸರದಿಂದ ಮಾರನೆಯ ವರ್ಷ ಅದನ್ನು ನಿಲ್ಲಿಸಿಬಿಟ್ಟೆವು.

ನಿವೃತ್ತ ಸರ್ವೇಯರ್, ಕುವೆಂಪುನಗರ

ನಿಮ್ಮ ನಷ್ಟಕ್ಕೆ ವಿಷಾದವಿದೆ. ಆದರೆ ಕಂಪನಿ ಹಿಡಿದ ಆಧಾರ ಗಟ್ಟಿಯಾದುದು. ಬರ್ಗ್ಲರಿ ಪಾಲಿಸಿಯಲ್ಲಿ ಬಲಪ್ರಯೋಗದಿಂದ ಒಳನುಗ್ಗಿರಬೇಕು ಅಥವಾ ಹೊರಬಿದ್ದಿರಬೇಕು ಎಂಬ ಷರತ್ತಿರುತ್ತದೆ. ಗೋದಾಮಿನಿಂದ ಸರಕು ಕಳವಾದ ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನೇ ಎತ್ತಿಹಿಡಿಯಿತು. ಸರಕು ಕಾಣೆಯಾದರೆ ಸಾಲದು, ಬಲಪ್ರಯೋಗ ನಡೆದಿರಬೇಕು. ಹಗಲು ಗಿರಾಕಿಯ ವೇಷದಲ್ಲಿ ಬಂದವರು ಸೀರೆ ಎತ್ತಿಕೊಂಡು ಹೋದರೆ, ಕೆಲಸದವರು ಸ್ವಲ್ಪ ಸ್ವಲ್ಪವಾಗಿ ಸಾಗಿಸಿದರೆ, ವರ್ಷದ ಕೊನೆಯ ಎಣಿಕೆಯಲ್ಲಿ ಸರಕು ಕಡಿಮೆ ಬಂದರೆ ಇದರಲ್ಲಿ ಏನೂ ಸಿಗುವುದಿಲ್ಲ.

ಮದ್ದೂರಿನವರ ಮಾತಿಗೂ ಇಲ್ಲಿಯೇ ಉತ್ತರಿಸುತ್ತೇನೆ. ಬೆಂಕಿ ಪಾಲಿಸಿಯಲ್ಲಿರುವ ಕಳವು ಎಂದರೆ ಬೆಂಕಿ, ಪ್ರವಾಹ ಮುಂತಾದ ಘಟನೆ ನಡೆದ 7 ದಿನಗಳೊಳಗೆ, ಆ ಘಟನೆಯ ಕಾರಣದಿಂದಲೇ ಆದ ಕಳವು ಮಾತ್ರ. ಬೆಂಕಿ ಆರಿಸುವ ಗದ್ದಲದಲ್ಲಿ ಬೀದಿಗೆ ಎಳೆದುಹಾಕಿದ ಮೂಟೆಯನ್ನು ಯಾರಾದರೂ ಹೊತ್ತುಕೊಂಡು ಹೋದರೆ ಅದು ಸೇರುತ್ತದೆ. ಅಮಾವಾಸ್ಯೆಯ ರಾತ್ರಿ ಷಟರ್ ಮೀಟಿ ನುಗ್ಗಿದ ಕಳ್ಳನಿಗೆ ಪ್ರತ್ಯೇಕ ಬರ್ಗ್ಲರಿ ರಕ್ಷಣೆಯೇ ಬೇಕು.

ಹಾಗಿದ್ದರೂ ಬಟ್ಟೆ ಅಂಗಡಿಯವರಿಗೆ ಅದನ್ನು ಬಿಡಿ ಎಂದು ನಾನು ಹೇಳಲಾರೆ. 18 ಲಕ್ಷದ ಬಟ್ಟೆಯನ್ನು ಕಳ್ಳರು ಒಂದೇ ರಾತ್ರಿ ಹೊರಲಾರರು, ಹೆಚ್ಚೆಂದರೆ ಬೆಲೆಬಾಳುವ ರೇಷ್ಮೆ ಸೀರೆಗಳನ್ನು ಆರಿಸಿಕೊಂಡಾರು. ಆದ್ದರಿಂದ ಒಟ್ಟು ಬೆಲೆಯನ್ನು 18 ಲಕ್ಷವೆಂದು ಪ್ರಾಮಾಣಿಕವಾಗಿ ತಿಳಿಸಿ, ಅದರ ನೂರಕ್ಕೆ 25ರಷ್ಟಕ್ಕೆ ಮಾತ್ರ ರಕ್ಷಣೆ ಪಡೆಯುವ ‘ಫಸ್ಟ್ ಲಾಸ್’ ಪದ್ಧತಿ ಇದೆ, ಅದನ್ನು ಕೇಳಿ. ಪ್ರೀಮಿಯಂ ಇಳಿಯುತ್ತದೆ. ಕಳವಾದ ಬೆಳಿಗ್ಗೆ ಬಗ್ಗಿದ ಷಟರ್ ಪಟ್ಟಿ, ಕತ್ತರಿಸಿದ ಬೀಗದ ಕೊಂಡಿ, ಕಿತ್ತುಬಂದ ಚಿಲಕದ ಮೊಳೆ ಇವುಗಳ ಫೋಟೊ ತೆಗೆಯದೆ ಬಡಗಿಯನ್ನೋ ವೆಲ್ಡರನ್ನೋ ಕರೆಯಬೇಡಿ. ಕತ್ತರಿಸಿದ ಬೀಗವನ್ನು ಪೊಲೀಸರು ವಶಪಡಿಸಿಕೊಂಡರೆ ಪಂಚನಾಮೆಯಲ್ಲಿ ಅದು ನಮೂದಾಗಿದೆಯೇ ಎಂದು ಓದಿ ನೋಡಿ. ದೂರಿನಲ್ಲಿ ‘ಸರಕು ಕಾಣೆಯಾಗಿದೆ’ ಎಂದಷ್ಟೇ ಬರೆಯದೆ, ಎಲ್ಲಿಂದ, ಏನನ್ನು ಮುರಿದು ಒಳಬಂದರು ಎಂಬುದನ್ನು ಕಂಡಂತೆ ಬರೆಯಬೇಕು.

ಶ್ರೀರಂಗಪಟ್ಟಣ ಹಾರ್ಡ್‌ವೇರ್

ಸರಕು ಸಾಗಣೆಯ ವಿಷಯದಲ್ಲಿ ಇಷ್ಟು ಚಿಂತೆ ಬೇಕಿಲ್ಲ ಎಂದು ನನ್ನ ಅನಿಸಿಕೆ. ಲಾರಿಗೆ ಫುಲ್ ಇನ್ಶೂರೆನ್ಸ್ ಇದ್ದೇ ಇರುತ್ತದೆ, ಲಾರಿ ಮಗುಚಿದರೆ ಅದರಲ್ಲಿಯೇ ಸರಕಿನ ಹಣವೂ ಬರುತ್ತದೆ. ನಮ್ಮ ಟಾಟಾ ಏಸ್ ಗಾಡಿಗೂ ಹಾಗೆಯೇ ಮಾಡಿಸಿದ್ದೇವೆ. ಏಜೆಂಟರನ್ನು ಕೇಳಿ ಗಾಡಿಯ ಐಡಿವಿ ಸ್ವಲ್ಪ ಹೆಚ್ಚು ಹಾಕಿಸಿಕೊಂಡರೆ ಸಾಕು.

ನಿವೃತ್ತ ಸರ್ವೇಯರ್, ಕುವೆಂಪುನಗರ

ಇಲ್ಲ, ದಯವಿಟ್ಟು ಹಾಗೆ ನಂಬಿಕೊಂಡು ಇರಬೇಡಿ. ಐಡಿವಿ ಗಾಡಿಯ ಬೆಲೆ, ಅದರೊಳಗಿನ ಸರಕಿಗೂ ಅದಕ್ಕೂ ಸಂಬಂಧವಿಲ್ಲ. ವಾಹನ ವಿಮೆಯಲ್ಲಿ ಗಾಡಿಗೆ ಆದ ಹಾನಿ ಮತ್ತು ಹೊರಗಿನವರಿಗೆ ಆದ ಹಾನಿ ಸೇರುತ್ತವೆ. ನಿಮ್ಮದೇ ಸರಕನ್ನು ನಿಮ್ಮದೇ ಗಾಡಿಯಲ್ಲಿ ತಂದಾಗಲೂ ಆ ಸರಕಿಗೆ ರಕ್ಷಣೆ ಇರುವುದಿಲ್ಲ.

ಲಾರಿ ಆಫೀಸಿನವರ ಹೊಣೆ ಬೇರೆ ವಿಷಯ. ಸರಕಿನ ಬೆಲೆಯನ್ನು ಮೊದಲೇ ಘೋಷಿಸಿ ಹೆಚ್ಚಿನ ದರ ಕೊಟ್ಟಿರದಿದ್ದರೆ ಅವರ ಹೊಣೆ ಸಾಗಣೆ ಬಾಡಿಗೆಯ 10 ಪಟ್ಟಿಗೆ ಸೀಮಿತವೆಂದು 2011ರ ರಸ್ತೆ ಸಾಗಣೆ ನಿಯಮಗಳಲ್ಲಿದೆ. ಚಿಕ್ಕಪೇಟೆಯಿಂದ ಮಂಡ್ಯಕ್ಕೆ ಒಂದೂವರೆ ಲಕ್ಷದ ಮೂಟೆಗಳಿಗೆ ನೀವು 600 ರೂಪಾಯಿ ಬಾಡಿಗೆ ಕೊಟ್ಟಿದ್ದರೆ ಅವರಿಂದ ಸಾಮಾನ್ಯವಾಗಿ ಕೇಳಬಹುದಾದದ್ದು 6,000 ರೂಪಾಯಿ. ಅದಕ್ಕೂ ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಸಾಗಣೆ ವಿಮೆ ಕೊಳ್ಳುವುದಾದರೆ ಎ, ಬಿ, ಸಿ ಎಂಬ ಮೂರು ಬಗೆಗಳಿವೆ. ಸಿ ಬಗೆಯಲ್ಲಿ ಬೆಂಕಿ, ಸಿಡಿಲು ಬಿಟ್ಟರೆ ಬೇರೇನೂ ಇಲ್ಲ. ಬಿ ಬಗೆಯಲ್ಲಿ ಲಾರಿ ಡಿಕ್ಕಿಯಾಗುವುದು, ಮಗುಚುವುದು, ಸೇತುವೆ ಕುಸಿಯುವುದು ಸೇರುತ್ತವೆ. ಬಟ್ಟೆಗೆ ದಾರಿಯಲ್ಲಿ ಆಗುವ ಸಾಮಾನ್ಯ ಹಾನಿ ಇವೆರಡರಲ್ಲೂ ಇಲ್ಲ. ಟಾರ್ಪಾಲಿನ ತೂತಿನಿಂದ ಮಳೆನೀರು ಸೋರಿ ಮೂಟೆ ನೆನೆಯುತ್ತದೆ, ಇಲ್ಲವೇ ನಾಲ್ಕು ಮೂಟೆಗಳಲ್ಲಿ ಒಂದು ಇಳಿಯುವುದೇ ಇಲ್ಲ. ಆದ್ದರಿಂದ ಬಟ್ಟೆಗೆ ಕೊಳ್ಳುವುದಾದರೆ ಎ ಬಗೆಯನ್ನೇ ಕೊಳ್ಳಬೇಕು. ಅದರಲ್ಲಿಯೂ ಪ್ಯಾಕಿಂಗ್ ಸರಿಯಿರಲಿಲ್ಲವೆಂದು ತೋರಿದರೆ ಹಣ ಸಿಗುವುದಿಲ್ಲ.

ಮೂಟೆಯ ಹೊಲಿಗೆ ಬಿಚ್ಚಿದಂತೆ ಅಥವಾ ನೆನೆದಂತೆ ಕಂಡರೆ ಲಾರಿ ಆಫೀಸಿನ ಸಾಗಣೆ ರಸೀದಿಯಾದ ಎಲ್‌ಆರ್ ಮೇಲೆ ಸುಮ್ಮನೆ ಸಹಿ ಹಾಕಬೇಡಿ. ಹಾನಿಯನ್ನು ಅದರ ಮೇಲೆಯೇ ಬರೆದು, ಲಾರಿ ಆಫೀಸಿನವರ ಎದುರಿನಲ್ಲಿ ಮೂಟೆ ಬಿಚ್ಚಿಸುವ ಓಪನ್ ಡೆಲಿವರಿ ಕೇಳಿ. ಯಾವ ಟಿಪ್ಪಣಿಯೂ ಇಲ್ಲದ ಸಹಿ ಇದ್ದರೆ ಸರಕು ಚೆನ್ನಾಗಿಯೇ ತಲುಪಿತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಶ್ರೀರಂಗಪಟ್ಟಣ ಹಾರ್ಡ್‌ವೇರ್

ಗಾಡಿಯ ವಿಷಯ ಈಗ ಸ್ಪಷ್ಟವಾಯಿತು, ವಂದನೆಗಳು. ಆದರೂ ತಿಂಗಳಿಗೆ ಎರಡು ಸಲ, ಪ್ರತಿ ಸಲ ಲಕ್ಷದೊಳಗೆ ಸರಕು ತರುವವರು ವರ್ಷದ ಸಾಗಣೆ ಪಾಲಿಸಿಗೆ ಹಣ ಹಾಕಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ಮೂಟೆ ಹೋದರೆ ಅಂಗಡಿ ಮುಚ್ಚುವುದಿಲ್ಲ. ನಮ್ಮ ಅಂಗಡಿಗೆ ಬಂದು ತಲುಪಿಸುವ ಬೆಲೆಗೇ ಮಾತಾಡಿ, ದಾರಿಯ ಹೊಣೆಯನ್ನು ಮಾರುವವರಿಗೇ ಬಿಡುವುದು ಲೇಸಲ್ಲವೇ?

ಪೇಟೆಬೀದಿ ಜವಳಿ, ಮಂಡ್ಯ

ಚಿಕ್ಕಪೇಟೆಯ ವ್ಯಾಪಾರಿಗಳ ಬಿಲ್ಲನ್ನು ಈಗ ತೆಗೆದು ನೋಡಿದೆ. ‘ಸರಕು ನಮ್ಮ ಗೋದಾಮು ಬಿಟ್ಟ ಮೇಲೆ ನಮ್ಮ ಹೊಣೆಯಿಲ್ಲ’ ಎಂದು ಕೆಳಗೆ ಅಚ್ಚಾಗಿದೆ. ಅದನ್ನು ಅವರು ನಮ್ಮಂಥ ಚಿಕ್ಕವರಿಗಾಗಿ ಬದಲಿಸುವರೆಂದು ನನಗೆ ಅನಿಸುವುದಿಲ್ಲ.

ನಿವೃತ್ತ ಸರ್ವೇಯರ್, ಕುವೆಂಪುನಗರ

ಹಾಗೆ ಅಚ್ಚಾಗಿದ್ದರೆ ಲಾರಿಗೆ ಏರಿದ ಕ್ಷಣದಿಂದ ಅಪಾಯ ನಿಮ್ಮದೇ. ಹಾರ್ಡ್‌ವೇರ್‌ನವರ ವಾದದಲ್ಲಿ ಹುರುಳಿದೆ, ಸಣ್ಣ ಸಣ್ಣ ಮೂಟೆಗಳಿಗೆ ನಾನೂ ಒತ್ತಾಯಿಸುವುದಿಲ್ಲ. ಆದರೆ ಗೌರಿ ಹಬ್ಬಕ್ಕೆ ಮುಂಚೆ ಒಂದೇ ಲಾರಿಯಲ್ಲಿ 4–5 ಲಕ್ಷದ ಸರಕು ಬರುವುದಾದರೆ ಆ ಒಂದು ಸಾಗಣೆಗಾದರೂ ಬಿಡಿ ಪಾಲಿಸಿ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಲಾರಿ ಹೊರಡುವ ಮೊದಲೇ ಅದು ಕೈಯಲ್ಲಿರಬೇಕು.

ಸಂತೇಪೇಟೆ ದಿನಸಿ, ಮೈಸೂರು

ಸರ್ವೇಯರ್ ಅವರ ವಿವರಣೆಗೆ ವಂದನೆಗಳು. ನಾವು ಕಳವಿನ ಪಾಲಿಸಿಯನ್ನು ಮತ್ತೆ ಪ್ರಾರಂಭಿಸುವ ಬಗ್ಗೆ ಯೋಚಿಸುತ್ತೇವೆ. ಪ್ಯಾಕೇಜಿನಲ್ಲಿ ನೌಕರರ ವಂಚನೆಗೂ ರಕ್ಷಣೆ ಇದೆಯಲ್ಲ, ನಮ್ಮ ಪ್ರಕರಣಕ್ಕೆ ಅದು ಆಗುತ್ತಿರಲಿಲ್ಲವೇ?

ನಿವೃತ್ತ ಸರ್ವೇಯರ್, ಕುವೆಂಪುನಗರ

ಯಾವ ನೌಕರ ಮಾಡಿದನೆಂದು ತೋರಿಸಬಲ್ಲವರಾಗಿದ್ದರೆ ಆಗುತ್ತಿತ್ತು. ಯಾರೆಂದೇ ತಿಳಿಯದಿದ್ದಾಗ ಅದೂ ಕಷ್ಟ. ಮನೆಯವರೇ ಕುಳಿತು ನಡೆಸುವ, ಒಬ್ಬಿಬ್ಬರು ಕೆಲಸದವರಿರುವ ಅಂಗಡಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ನಿಯಾನ್ ಬೋರ್ಡ್, ಲಗೇಜು ಬೇಡ. ಇಡೀ ಮುಂಭಾಗ ಷೋ ಗಾಜು ಇರುವವರಿಗೆ ಬಿಟ್ಟರೆ ಗಾಜೂ ಬೇಡ. ಒಂದೇ ಬಿಲ್ಲಿಂಗ್ ಕಂಪ್ಯೂಟರ್ ಇದ್ದರೆ ಅದಕ್ಕೆ ಪ್ರತ್ಯೇಕ ವಿಭಾಗ ಬೇಕಿಲ್ಲ, ಅದನ್ನು ಬೆಂಕಿ ಪಾಲಿಸಿಯ ಸಾಮಗ್ರಿಗಳಲ್ಲಿ ಸೇರಿಸಿ. ನಗದಿನ ವಿಭಾಗದಲ್ಲಿ ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ಬಿಟ್ಟ ಹಣ ಸಾಮಾನ್ಯವಾಗಿ ಸೇರುವುದಿಲ್ಲ, ಬೀಗ ಹಾಕಿದ ಸೇಫಿನಲ್ಲಿ ಇರಬೇಕು ಎನ್ನುತ್ತಾರೆ. ಹೆಚ್ಚಿನ ಗಿರಾಕಿಗಳು ಫೋನಿನಲ್ಲಿಯೇ ಹಣ ಕೊಡುತ್ತಿರುವಾಗ ಅದನ್ನು ಬಿಡಬಹುದು. ಅಪಘಾತ ವಿಮೆ ಬೇಕಾದದ್ದೇ, ಆದರೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಬ್ಯಾಂಕಿನಲ್ಲಿಯೇ ಇರುವಾಗ ಅದಕ್ಕಾಗಿ ಪ್ಯಾಕೇಜ್ ಕೊಳ್ಳಬೇಕಿಲ್ಲ. ಬಾಡಿಗೆ ಕಟ್ಟಡಕ್ಕೆ ವಿಮೆ ಮಾಡಿಸುವುದು ಮಾಲೀಕರ ಕೆಲಸ. ನೀವು ಸ್ವಂತ ಹಣದಲ್ಲಿ ಮಾಡಿಸಿದ ಮರದ ಬೀರು, ರ‍್ಯಾಕು, ದೀಪ, ಫಾಲ್ಸ್ ಸೀಲಿಂಗ್ ಇವುಗಳನ್ನು ಮಾತ್ರ ದಾಸ್ತಾನಿನಿಂದ ಬೇರೆಯಾಗಿ ಬೆಲೆ ಕಟ್ಟಿ ಬರೆಸಿ.

ಲೆಕ್ಕಪತ್ರ, ಸರಸ್ವತಿಪುರಂ

ನಗದಿನ ವಿಷಯದಲ್ಲಿ ನನಗೆ ಪೂರ್ಣ ಒಪ್ಪಿಗೆಯಿಲ್ಲ. ನನ್ನ ಕಕ್ಷಿದಾರರಲ್ಲಿ ಬಂಡೀಪಾಳ್ಯದ ಎಪಿಎಂಸಿ ವರ್ತಕರಿದ್ದಾರೆ. ಬೆಳಿಗ್ಗೆ ರೈತರಿಗೆ ಕೊಡಲು ಅವರು ಬ್ಯಾಂಕಿನಿಂದ ದೊಡ್ಡ ಮೊತ್ತ ತರುತ್ತಾರೆ. ಅಂಥವರಿಗೆ ದಾರಿಯಲ್ಲಿರುವ ನಗದಿನ ವಿಮೆ ಅಗತ್ಯವೇ. ಜವಳಿ ಅಂಗಡಿಗೆ ಬೇಡ ಎಂಬುದನ್ನು ಒಪ್ಪುತ್ತೇನೆ.

ಪೇಟೆಬೀದಿ ಜವಳಿ, ಮಂಡ್ಯ

ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿ ತಂದೆವು. ಸೂಕ್ಷ್ಮ ಉದ್ಯಮ ಪಾಲಿಸಿಯೇ ಆಗಿದೆ, ದಾಸ್ತಾನಿಗೆ 10 ಲಕ್ಷ, ಬೀರು-ರ‍್ಯಾಕುಗಳಿಗೆ ಏನೂ ಇಲ್ಲ. ವಿಳಾಸದ ಜಾಗದಲ್ಲಿ ಅಂಗಡಿಯ ಬಾಗಿಲು ಸಂಖ್ಯೆ ಮಾತ್ರ ಇದೆ, ಹಿಂದಿನ ಗಲ್ಲಿಯ ಕೊಠಡಿಯ ಸುಳಿವೇ ಇಲ್ಲ. ಮುಂದಿನ ನವೀಕರಣದವರೆಗೆ ಕಾಯಿರಿ ಎಂದು ಬ್ಯಾಂಕಿನವರು ಹೇಳಿದರು, ಅದು ಮಾರ್ಚಿಗೆ ಬರುತ್ತದೆ. ಆ ಕೊಠಡಿಗೆ ತಗಡಿನ ಮಾಡು ಇದೆ, ಅದನ್ನು ಹೇಳಿದರೆ ವಿಮೆ ಕೊಡುವುದಿಲ್ಲವೇನೋ ಎಂಬ ಅಳುಕೂ ಇದೆ.

ನಿವೃತ್ತ ಸರ್ವೇಯರ್, ಕುವೆಂಪುನಗರ

ಕಾಯಬೇಕಾಗಿಲ್ಲ. ವರ್ಷದ ನಡುವೆಯೇ ಉಳಿದ ತಿಂಗಳುಗಳಿಗೆ ಪ್ರೀಮಿಯಂ ಕಟ್ಟಿ, ಎಂಡಾರ್ಸ್‌ಮೆಂಟ್ ಮೂಲಕ ಮೊತ್ತವನ್ನು ಹೆಚ್ಚಿಸಬಹುದು, ವಿಳಾಸವನ್ನೂ ಸೇರಿಸಬಹುದು. ಬ್ಯಾಂಕಿಗೂ ವಿಮಾ ಕಂಪನಿಯ ಮಂಡ್ಯ ಕಚೇರಿಗೂ ಒಂದೇ ಪತ್ರ ಬರೆದು ಎರಡೂ ಕಡೆ ಸ್ವೀಕೃತಿ ಮುದ್ರೆ ಪಡೆಯಿರಿ. ಮೂಟೆಗಳು ಎರಡು ಜಾಗಗಳ ನಡುವೆ ಓಡಾಡುತ್ತಿರುವುದರಿಂದ, ಒಂದೇ ಮೊತ್ತ ಎರಡಕ್ಕೂ ಅನ್ವಯಿಸುವ ಫ್ಲೋಟರ್ ಕೇಳಿ. ಕೊಠಡಿಗೆ ಹೋದ ಮತ್ತು ಅಲ್ಲಿಂದ ಬಂದ ಮೂಟೆಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ, ಆ ಪುಸ್ತಕ ಅಂಗಡಿಯಲ್ಲಿಯೂ ಇರಬಾರದು, ಕೊಠಡಿಯಲ್ಲಿಯೂ ಇರಬಾರದು. ತಗಡಿನ ಮಾಡನ್ನು ಖಂಡಿತವಾಗಿ ತಿಳಿಸಿ. ಹೆಚ್ಚೆಂದರೆ ದರ ಏರಬಹುದು. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ನೀವೇ ಕಾರಣ ಒದಗಿಸಿದಂತಾಗುತ್ತದೆ.

ಮದ್ದೂರು ಪಾತ್ರೆ ಅಂಗಡಿ

ನನ್ನ ಪಾಲಿಸಿಯನ್ನೂ ತರಿಸಿಕೊಂಡೆ, ಅದರಲ್ಲಿಯೂ ಸಾಲದಷ್ಟೇ ಮೊತ್ತವಿದೆ. ಒಂದು ಪ್ರಶ್ನೆ: ಓಡಿ ಮಿತಿ ಇಳಿಯಬಾರದೆಂದು ಅನೇಕರು ಬ್ಯಾಂಕಿನ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನನ್ನು ಹೆಚ್ಚಿಗೆ ತೋರಿಸುತ್ತಾರೆ. ಪುಸ್ತಕದಲ್ಲಿ 18 ಲಕ್ಷ, ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ 22 ಲಕ್ಷ ಎಂದಿದ್ದರೆ ಸರ್ವೇಯರ್ ಯಾವುದನ್ನು ಹಿಡಿಯುತ್ತಾರೆ?

ನಿವೃತ್ತ ಸರ್ವೇಯರ್, ಕುವೆಂಪುನಗರ

ನಾನಾಗಿದ್ದರೆ ಖರೀದಿ ಬಿಲ್ಲು ಮತ್ತು ಜಿಎಸ್‌ಟಿ ರಿಟರ್ನಿಗೆ ತಾಳೆಯಾಗುವ 18 ಲಕ್ಷವನ್ನು ಹಿಡಿಯುತ್ತಿದ್ದೆ. ಆದರೆ ಎರಡು ಪಟ್ಟಿಗಳ ವ್ಯತ್ಯಾಸಕ್ಕೆ ವಿವರಣೆ ಕೇಳದೆ ವರದಿ ಬರೆಯುತ್ತಿರಲಿಲ್ಲ, ಆ ವಿವರಣೆಗಾಗಿಯೇ ಕ್ಲೇಮ್ ತಿಂಗಳುಗಟ್ಟಲೆ ನಿಲ್ಲುತ್ತದೆ. ನಷ್ಟ ಎಷ್ಟೆಂದು ಅಳೆಯುವಾಗ ಕಂಪನಿ 18ನ್ನು ಹಿಡಿದು, ವಿಮಾ ಮೊತ್ತ ಸಾಲುತ್ತಿತ್ತೇ ಎಂದು ಅಳೆಯುವಾಗ ನೀವೇ ಸಹಿ ಮಾಡಿದ 22ನ್ನು ಮುಂದಿಡುವುದನ್ನೂ ನೋಡಿದ್ದೇನೆ. ಆಗ 16 ಲಕ್ಷದ ಪಾಲಿಸಿಯೂ 85 ಶೇಕಡಾದ ಗೆರೆಯ ಕೆಳಗೆ ಬೀಳುತ್ತದೆ, 6 ಲಕ್ಷದ ನಷ್ಟ 4 ಲಕ್ಷ 36 ಸಾವಿರಕ್ಕೆ ಇಳಿಯುತ್ತದೆ. ಇದನ್ನು ಪ್ರಶ್ನಿಸಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಒಬ್ಬರೇ ಮಾಲೀಕರಿರುವ ಅಂಗಡಿಗಳ ದೂರನ್ನು ಅಲ್ಲಿ ಸ್ವೀಕರಿಸುತ್ತಾರೆ. ಆದರೆ ಸ್ವಂತ ಸಹಿಯ ಪಟ್ಟಿಯನ್ನು ಸುಳ್ಳೆಂದು ಅಲ್ಲಿ ಹೇಳಿಕೊಳ್ಳಬೇಕಾಗುತ್ತದೆ, ಮತ್ತು ಅದೇ ಮಾತನ್ನು ಸಾಲ ಕೊಟ್ಟ ಬ್ಯಾಂಕೂ ಓದುತ್ತದೆ.